ಸ್ನೇಹವಿನಂತಿ ಸ್ವೀಕಾರವಾಗಿದ್ದರೂ ಆಟದ ಆಹ್ವಾನ ತಲುಪುತ್ತಿಲ್ಲ: ಸ್ವಿಚ್ ಮತ್ತು ವಿಂಡೋಸ್ ನಡುವೆ ಮೈನ್‌ಕ್ರಾಫ್ಟ್

ವಿಭಾ

ನನ್ನ ಮಗಳಿಗೆ 10 ವರ್ಷ; ಅವಳು ಸ್ವಿಚ್‌ನಲ್ಲಿ ಮೈನ್‌ಕ್ರಾಫ್ಟ್ ಆಡುತ್ತಾಳೆ. ನನ್ನ ಅಣ್ಣನ ಮಗನಿಗೆ 13 ವರ್ಷ. ಅವನು ವಿಂಡೋಸ್ ಕಂಪ್ಯೂಟರಿನಲ್ಲಿ ಆಡುತ್ತಾನೆ. ಇಬ್ಬರೂ ದೂರದೂರದ ಊರುಗಳಲ್ಲಿರುವುದರಿಂದ ರಜೆಯ ದಿನಗಳಲ್ಲಿ ಒಂದೇ ಲೋಕದಲ್ಲಿ ಸೇರಿ ಆಡಬೇಕೆಂಬುದು ಅವರ ಆಸೆ. ಹುಡುಗನು ಮಗಳ ಗೇಮರ್‌ಟ್ಯಾಗ್ ಹುಡುಕಿ ಸ್ನೇಹವಿನಂತಿಯನ್ನು ಕಳುಹಿಸಿದನು; ಮಗಳ ಮೈಕ್ರೋಸಾಫ್ಟ್ ಖಾತೆಯನ್ನು ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆದು ನಾನೇ ಅದನ್ನು ಸ್ವೀಕರಿಸಿದೆ. ಅಲ್ಲಿ ನೋಡಿದರೆ ಇಬ್ಬರೂ ಸ್ನೇಹಿತರೆಂದೇ ಇದೆ. ಆದರೆ ಅವನು ಆಟದೊಳಗಿನಿಂದ ಆಹ್ವಾನ ಕಳುಹಿಸಿದರೆ ಸ್ವಿಚ್‌ನಲ್ಲಿ ಏನೂ ಬರುವುದಿಲ್ಲ, ಅಲ್ಲಿನ ಸ್ನೇಹಿತರ ಪಟ್ಟಿಯಲ್ಲಿ ಅವನ ಹೆಸರೂ ಕಾಣುವುದಿಲ್ಲ.

ನಿಂಟೆಂಡೊದ ಆನ್‌ಲೈನ್ ಚಂದಾ ಚಾಲ್ತಿಯಲ್ಲಿದೆ. ಆಟದಲ್ಲೇ ತೋರಿಸುವ ಸಾರ್ವಜನಿಕ ಸರ್ವರ್‌ಗಳಿಗೆ ಮಗಳು ಯಾವ ಅಡ್ಡಿಯೂ ಇಲ್ಲದೆ ಹೋಗಿಬರುತ್ತಾಳೆ. ಆದ್ದರಿಂದ ಬಹುಆಟಗಾರರ ಸೌಲಭ್ಯವೇ ಮುಚ್ಚಿದೆ ಎಂದು ನನಗೆ ಅನಿಸುತ್ತಿಲ್ಲ. ಎಲ್ಲಿಂದ ಹುಡುಕಲು ಆರಂಭಿಸಬೇಕು?

ತಂತಿಜಾಲ

ಇದು ಬಹುಮಟ್ಟಿಗೆ ರೂಟರಿನ ತೊಂದರೆ. ಎರಡು ಮನೆಗಳ ನಡುವೆ ನೇರ ಸಂಪರ್ಕ ಏರ್ಪಡಬೇಕಾದಾಗ ಎರಡೂ ಕಡೆಯ NAT, ಅಂದರೆ ಮನೆಯ ಯಂತ್ರಗಳನ್ನು ಹೊರಜಾಲಕ್ಕೆ ಒಂದೇ ವಿಳಾಸದಲ್ಲಿ ತೋರಿಸುವ ರೂಟರಿನ ವ್ಯವಸ್ಥೆ, ಬಿಗಿಯಾಗಿದ್ದರೆ ಸಂಪರ್ಕ ಮುರಿಯುತ್ತದೆ. ಸಾರ್ವಜನಿಕ ಸರ್ವರ್‌ಗಳಿಗೆ ಹೋಗಲು ಆಗುವುದೂ ಸ್ನೇಹಿತನ ಲೋಕಕ್ಕೆ ಹೋಗಲು ಆಗದಿರುವುದೂ ಇದಕ್ಕೆ ಸರಿಯಾಗಿ ಹೊಂದುತ್ತವೆ, ಏಕೆಂದರೆ ಸರ್ವರ್ ತೆರೆದ ಜಾಲದಲ್ಲಿರುತ್ತದೆ, ಸ್ನೇಹಿತನ ಕಂಪ್ಯೂಟರ್ ಅವನ ಮನೆಯ ರೂಟರಿನ ಹಿಂದೆ ಇರುತ್ತದೆ. ಆಟಕ್ಕೆ ಬೇಕಾದ ದಾರಿಯನ್ನು ರೂಟರು ತಾನಾಗಿ ತೆರೆಯಲು ಬಿಡುವ UPnP ಆಯ್ಕೆಯನ್ನು ತೆರೆದು, ಎರಡೂ ಕಡೆ ಮರುಚಾಲನೆ ಮಾಡಿ ನೋಡಿ. ಒಂದು ಕಡೆ ಮೊಬೈಲಿನ ಹಾಟ್‌ಸ್ಪಾಟ್ ಬಳಸಿದರೂ ವ್ಯತ್ಯಾಸ ತಿಳಿಯುತ್ತದೆ.

ಇಟ್ಟಿಗೆಗೂಡು

ನಮ್ಮಲ್ಲೂ ಇದೇ ಆಗಿತ್ತು. ನಾನು ಮೊಬೈಲಿನಲ್ಲಿ, ಗೆಳೆಯ ಲ್ಯಾಪ್‌ಟಾಪಿನಲ್ಲಿ. ಕೊನೆಗೆ ತಿಳಿದದ್ದೇನೆಂದರೆ ಅವನು ತೆರೆಯುತ್ತಿದ್ದದ್ದು ಜಾವಾ ಆವೃತ್ತಿ, ನನ್ನದು ಬೆಡ್‌ರಾಕ್. 2022ರಿಂದ ವಿಂಡೋಸ್‌ನಲ್ಲಿ ಎರಡನ್ನೂ ಒಟ್ಟಿಗೆ ಮಾರುತ್ತಿರುವುದರಿಂದ ಲಾಂಚರಿನಲ್ಲಿ ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ, ಮಕ್ಕಳು ಯಾವುದನ್ನಾದರೂ ಒತ್ತಿಬಿಡುತ್ತಾರೆ. ಈ ಎರಡು ಆವೃತ್ತಿಗಳು ಒಂದರೊಡನೆ ಒಂದು ಸೇರುವುದಿಲ್ಲ. ನಿಮ್ಮ ಅಣ್ಣನ ಮಗ ಯಾವುದನ್ನು ತೆರೆಯುತ್ತಾನೆ ಎಂದು ಕೇಳಿ.

ವಿಭಾ

ಕೇಳಿದೆ, ಅವನದು ಬೆಡ್‌ರಾಕ್ ಆವೃತ್ತಿಯೇ. ತನ್ನ ತರಗತಿಯ ಗೆಳೆಯರೊಡನೆ ಅದರಲ್ಲೇ ಆಡುತ್ತಾನಂತೆ. ಹಾಟ್‌ಸ್ಪಾಟ್ ಬಳಸಿಯೂ ನೋಡಿದೆವು, ಏನೂ ಬದಲಾಗಲಿಲ್ಲ.

ಖಾತೆಪಾಲಕ

ತಂತಿಜಾಲ ಅವರು ಹೇಳಿದ ಕಾರಣ ನಿಜವಾಗಿಯೂ ಇರುವಂಥದ್ದೇ, ಆದರೆ ಅದು ಈ ಹಂತದ್ದಲ್ಲ. NAT ಅಡ್ಡಿಯಾಗುವುದು ಆಹ್ವಾನ ಬಂದು, ಅದನ್ನು ಒತ್ತಿ, ಲೋಕಕ್ಕೆ ಸೇರಲು ಹೊರಟಾಗ. ಆಗ ಪರದೆಯ ಮೇಲೆ Unable to connect to world ಎಂಬ ಸಂದೇಶ ಬರುತ್ತದೆ. ಆಹ್ವಾನವಾಗಲಿ, ಸ್ನೇಹಿತರ ಪಟ್ಟಿಯಾಗಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ನೇರವಾಗಿ ಹೋಗುವುದಿಲ್ಲ. ಅವು ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಜಾಲದ ಸರ್ವರ್‌ಗಳ ಮೂಲಕವೇ ಹಾದುಹೋಗುತ್ತವೆ. ಪಟ್ಟಿಯಲ್ಲಿ ಹೆಸರೇ ಇಲ್ಲವೆಂದಾಗ ರೂಟರನ್ನು ಎಷ್ಟು ತಿದ್ದಿದರೂ ಆ ಹೆಸರು ಬರಲಾರದು.

ಹೆಸರು ಕಾಣದಿರುವುದಕ್ಕೆ ಮೊದಲು ಸಂಶಯಿಸಬೇಕಾದದ್ದು ಒಂದೇ: ಸ್ವಿಚ್‌ನಲ್ಲಿ ಆಟವು ಯಾವ ಮೈಕ್ರೋಸಾಫ್ಟ್ ಖಾತೆಗೆ ಜೋಡಣೆಯಾಗಿದೆ ಎಂಬುದು. ಸ್ವಿಚ್‌ನಲ್ಲಿ ಮಗಳ ನಿಂಟೆಂಡೊ ಬಳಕೆದಾರ ಒಂದು, ಆಟದೊಳಗಿನ ಮೈಕ್ರೋಸಾಫ್ಟ್ ಖಾತೆ ಇನ್ನೊಂದು. ಬೇರೆ ಯಂತ್ರದಲ್ಲಿರುವವರೊಡನೆ ಸ್ನೇಹ, ಆಹ್ವಾನ, ಅನುಮತಿ ಇವೆಲ್ಲ ಎರಡನೆಯ ಖಾತೆಗೆ ಸೇರಿದವು. ನೀವು ಬ್ರೌಸರಿನಲ್ಲಿ ಸ್ವೀಕರಿಸಿದ ಸ್ನೇಹವು ಯಾವ ಖಾತೆಯಲ್ಲಿ ಸ್ವೀಕಾರವಾಯಿತೋ ಆ ಖಾತೆಯಲ್ಲಿ ಮಾತ್ರ ಇರುತ್ತದೆ.

ದಯವಿಟ್ಟು ಸ್ವಿಚ್‌ನಲ್ಲಿ ಆಟವನ್ನು ತೆರೆದು, ಮೊದಲ ಪರದೆಯಲ್ಲಿ ಆಟಗಾರನ ಚಿತ್ರದ ಬಳಿ ಕಾಣುವ ಗೇಮರ್‌ಟ್ಯಾಗನ್ನು ಅಕ್ಷರ ಅಕ್ಷರವಾಗಿ ಬರೆದುಕೊಳ್ಳಿ; ಕೊನೆಯಲ್ಲಿ ಅಂಕಿಗಳಿದ್ದರೆ ಅವನ್ನೂ ಬರೆದುಕೊಳ್ಳಿ. 2019ರ ನಂತರ ಒಂದೇ ಹೆಸರನ್ನು ಹಲವರು ಇಟ್ಟುಕೊಳ್ಳಬಹುದಾದ್ದರಿಂದ ಅವರನ್ನು ಬೇರ್ಪಡಿಸುವುದು ಆ ಅಂಕಿಗಳೇ. ಆಮೇಲೆ ಅಣ್ಣನ ಮಗನ ಪಟ್ಟಿಯಲ್ಲಿರುವ ಹೆಸರಿನೊಂದಿಗೆ ಅದನ್ನು ಹೋಲಿಸಿ. ಜೊತೆಗೆ, ಸ್ವಿಚ್‌ನಲ್ಲಿ ಮೊದಲ ಬಾರಿ ಲಾಗಿನ್ ಮಾಡಿದ್ದು ಯಾರು, ಯಾವ ಉಪಕರಣದಿಂದ ಎಂಬುದನ್ನು ನೆನಪಿಸಿಕೊಂಡು ತಿಳಿಸಿ.

ವಿಭಾ

ಹೆಸರು ಬೇರೆಯಾಗಿದೆ. ಸ್ವಿಚ್‌ನಲ್ಲಿ ಕಾಣುತ್ತಿರುವುದು ನನ್ನ ಯಜಮಾನರ ಗೇಮರ್‌ಟ್ಯಾಗ್; ಅವರಿಗೆ ಅಂಥದ್ದೊಂದು ಇದೆ ಎಂಬುದೇ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಆಟ ಕೊಂಡ ದಿನ ಸ್ವಿಚ್ ಒಂದು ಸಂಕೇತವನ್ನು ತೋರಿಸಿ aka.ms/remoteconnect ಎಂಬ ವಿಳಾಸಕ್ಕೆ ಹೋಗಲು ಹೇಳಿತ್ತು. ಅವರು ತಮ್ಮ ಫೋನಿನಲ್ಲಿ ಆ ವಿಳಾಸ ತೆರೆದು ಸಂಕೇತವನ್ನು ಹಾಕಿದ್ದರು. ಮಗಳ ಖಾತೆಯ ಪಾಸ್‌ವರ್ಡ್ ಕೇಳಿದ ನೆನಪು ಅವರಿಗಿಲ್ಲ.

ಖಾತೆಪಾಲಕ

ಕೇಳದಿದ್ದುದೇ ಕಾರಣ. ಆ ಫೋನಿನ ಬ್ರೌಸರಿನಲ್ಲಿ ಕಚೇರಿಯ ಕೆಲಸಕ್ಕೋ ಇಮೇಲಿಗೋ ಅವರ ಮೈಕ್ರೋಸಾಫ್ಟ್ ಖಾತೆ ಮೊದಲೇ ತೆರೆದಿತ್ತು. ಸಂಕೇತವನ್ನು ಹಾಕಿದಾಗ ಆ ಪುಟವು ತೆರೆದಿರುವ ಖಾತೆಯನ್ನೇ ಮುಂದಿಡುತ್ತದೆ. ಒಪ್ಪಿಗೆ ಒತ್ತಿದರೆ ಸ್ವಿಚ್ ಆ ಖಾತೆಗೆ ಜೋಡಣೆಯಾಗುತ್ತದೆ. ಸ್ವಿಚ್‌ನ ಮುಂದೆ ಕುಳಿತಿರುವವರು ಯಾರೆಂದು ತಿಳಿಯುವ ದಾರಿ ಆ ಪುಟಕ್ಕಿಲ್ಲ. ಹೀಗಾಗಿ ಅಣ್ಣನ ಮಗನ ಆಹ್ವಾನಗಳು ಮಗಳ ಖಾತೆಗೆ ಸರಿಯಾಗಿಯೇ ಹೋಗುತ್ತಿದ್ದವು, ಆದರೆ ಆ ಖಾತೆಯನ್ನು ತೆರೆದುಕೊಂಡ ಆಟ ಎಲ್ಲೂ ನಡೆಯುತ್ತಿರಲಿಲ್ಲ.

ಸರಿಪಡಿಸುವ ಕ್ರಮ ಹೀಗಿದೆ. ಆಟದ ಸೆಟ್ಟಿಂಗ್ಸ್‌ನಲ್ಲಿ ಖಾತೆಯ ವಿಭಾಗಕ್ಕೆ ಹೋಗಿ ಸೈನ್ ಔಟ್ ಮಾಡಿ. ಮತ್ತೆ ಸೈನ್ ಇನ್ ಒತ್ತಿದಾಗ ಬರುವ ಹೊಸ ಸಂಕೇತವನ್ನು ಯಾರ ಖಾತೆಯೂ ತೆರೆದಿರದ ಖಾಸಗಿ ಕಿಟಕಿಯಲ್ಲಿ ಹಾಕಿ, ಅಲ್ಲಿ ಮಗಳ ಇಮೇಲ್ ಮತ್ತು ಪಾಸ್‌ವರ್ಡ್ ಕೊಡಿ. ಖಾಸಗಿ ಕಿಟಕಿಯನ್ನು ಬಳಸುವ ಈ ಚಿಕ್ಕ ಎಚ್ಚರವನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ, ಏಕೆಂದರೆ ಅದಿಲ್ಲದೆ ಹತ್ತು ಸಲ ಸೈನ್ ಔಟ್ ಮಾಡಿದರೂ ಫೋನು ಮತ್ತೆ ಅದೇ ಖಾತೆಯನ್ನು ಮುಂದಿಡುತ್ತದೆ.

ಮಗಳು ಕಟ್ಟಿದ ಲೋಕಗಳ ಬಗ್ಗೆ ಚಿಂತೆ ಬೇಡ, ಅವು ಸ್ವಿಚ್‌ನಲ್ಲೇ ಉಳಿದಿರುತ್ತವೆ. ಆದರೆ ಆಟದ ಅಂಗಡಿಯಲ್ಲಿ ಏನನ್ನಾದರೂ ಕೊಂಡಿದ್ದರೆ ಅದು ಕೊಂಡಾಗ ತೆರೆದಿದ್ದ ಖಾತೆಯದು. ಅದು ಯಜಮಾನರ ಖಾತೆಯಲ್ಲೇ ಉಳಿಯುತ್ತದೆ. ಬದಲಿಸುವ ಮೊದಲು ಇದನ್ನು ಮಗಳಿಗೆ ತಿಳಿಸಿರಿ.

ಇನ್ನೊಂದು ಮಾತು. ಖಾತೆ ಬದಲಾದ ಕೂಡಲೇ ಇದುವರೆಗೆ ತೆರೆದಿದ್ದ ಸಾರ್ವಜನಿಕ ಸರ್ವರ್‌ಗಳೂ ಮುಚ್ಚಿಹೋಗಬಹುದು. ಹಾಗಾದರೆ ಗಾಬರಿಯಾಗಬೇಡಿ. ಅದುವರೆಗೆ ಅವಳು ಒಬ್ಬ ವಯಸ್ಕರ ಅನುಮತಿಗಳನ್ನು ಇಟ್ಟುಕೊಂಡು ಆಡುತ್ತಿದ್ದಳು.

ನೀಲಿಬಾಣ

ನನ್ನ ತಮ್ಮ ಪ್ಲೇಸ್ಟೇಷನ್‌ನಲ್ಲಿ ಆಡುತ್ತಾನೆ. ಅವನಿಗೂ ಹೀಗೆಯೇ ನನ್ನ ಖಾತೆ ಜೋಡಣೆಯಾಗಿಬಿಟ್ಟಿದೆ, ಮತ್ತು ಅದರಲ್ಲಿ ಸಾಕಷ್ಟು ಹಣ ಕೊಟ್ಟು ವಿನ್ಯಾಸಗಳನ್ನು ಕೊಂಡಿದ್ದಾನೆ. ಒಂದು ಸಹಾಯವಾಣಿಗೆ ಬರೆದೆ, ಅವರು ಇನ್ನೊಂದಕ್ಕೆ ಬರೆಯಿರಿ ಎಂದರು, ಅಲ್ಲಿಂದ ಮತ್ತೆ ಮೊದಲನೆಯದಕ್ಕೇ ಕಳುಹಿಸಿದರು. ಕೊಂಡದ್ದನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗಿಸುವ ದಾರಿ ಯಾರಿಗಾದರೂ ತಿಳಿದಿದೆಯೇ?

ವಿಭಾ ಅವರಿಗೆ ನನ್ನ ಸಲಹೆ: ಮಗುವಿನ ಖಾತೆಯ ಗೋಜಿಗೆ ಹೋಗಬೇಡಿ. ದೊಡ್ಡವರ ಹುಟ್ಟಿದ ದಿನಾಂಕ ಕೊಟ್ಟು ಹೊಸ ಖಾತೆ ತೆರೆಯಿರಿ, ಎಲ್ಲ ಬಾಗಿಲುಗಳೂ ತಾವಾಗಿಯೇ ತೆರೆಯುತ್ತವೆ. ನನಗೆ ಗೊತ್ತಿರುವ ಎಷ್ಟೋ ಮನೆಗಳಲ್ಲಿ ಹೀಗೆಯೇ ಮಾಡಿದ್ದಾರೆ.

ವಿಭಾ

ಖಾಸಗಿ ಕಿಟಕಿಯಲ್ಲಿ ಮಗಳ ಖಾತೆಯಿಂದಲೇ ಲಾಗಿನ್ ಮಾಡಿದೆವು. ಈಗ ಸ್ನೇಹಿತರ ಪಟ್ಟಿಯಲ್ಲಿ ಅಣ್ಣನ ಮಗನ ಹೆಸರು ಕಾಣುತ್ತಿದೆ. ಆದರೆ ಖಾತೆಪಾಲಕರು ಹೇಳಿದಂತೆಯೇ ಸರ್ವರ್‌ಗಳು ಮುಚ್ಚಿಹೋಗಿವೆ, ಮೈಕ್ರೋಸಾಫ್ಟ್ ಖಾತೆಯನ್ನು ಸಿದ್ಧಪಡಿಸಿರುವ ರೀತಿಯಿಂದಾಗಿ ಆನ್‌ಲೈನ್ ಆಟ ಸಾಧ್ಯವಿಲ್ಲ ಎಂಬ ಅರ್ಥದ ಸಂದೇಶ ಬರುತ್ತಿದೆ. ಮಗಳು ಕೊಂಡಿದ್ದ ಒಂದು ವೇಷವೂ ಹೋಯಿತು, ಅದಕ್ಕೆ ಸ್ವಲ್ಪ ಬೇಸರವಾಗಿದೆ.

ನೀಲಿಬಾಣ ಅವರ ಸಲಹೆ ಸುಲಭವೆನಿಸುತ್ತದೆ. ಆದರೆ ಅಪರಿಚಿತರು ಅವಳಿಗೆ ಸಂದೇಶ ಕಳುಹಿಸುವಂತಾಗುವುದು ನನಗೆ ಬೇಡ. ಆಡಬೇಕಾದದ್ದು ಅಣ್ಣನ ಮಗನೊಬ್ಬನ ಜೊತೆ ಮಾತ್ರ.

ಖಾತೆಪಾಲಕ

ನಿಮ್ಮ ನಿಲುವು ಸರಿಯಾಗಿದೆ. ಸುಳ್ಳು ದಿನಾಂಕದ ಖಾತೆಗೆ ವಯಸ್ಕರ ಪೂರ್ವನಿಯೋಜಿತ ಅನುಮತಿಗಳು ದೊರೆಯುತ್ತವೆ ಎಂಬುದು ನಿಜ. ಅಪರಿಚಿತರ ಸಂದೇಶಗಳಿಗೂ ಅದೇ ಬಾಗಿಲು ತೆರೆದುಕೊಳ್ಳುತ್ತದೆ ಎಂಬುದೂ ಅಷ್ಟೇ ನಿಜ. ನೀವು ಹೊರಗಿನಿಂದ ಅದನ್ನು ನಿಯಂತ್ರಿಸುವಂತಿಲ್ಲ. ಮಗುವಿನ ಖಾತೆ ಮೈಕ್ರೋಸಾಫ್ಟ್‌ನಲ್ಲಿ ನೀವು ಮಾಡಿಕೊಂಡ ಕುಟುಂಬದ ಗುಂಪಿನಲ್ಲಿದ್ದರೆ ಯಾವ ಬಾಗಿಲು, ಯಾರಿಗೆ, ಎಷ್ಟು ಎಂಬುದನ್ನು ನೀವು ತೀರ್ಮಾನಿಸಬಹುದು. ನಿಮಗೆ ಬೇಕಾದ ಒಬ್ಬನೇ ಜೊತೆಗಾರನ ವ್ಯವಸ್ಥೆ ಮಗುವಿನ ಖಾತೆಯಲ್ಲೇ ಚೆನ್ನಾಗಿ ಆಗುತ್ತದೆ.

ಈಗ ಬಂದಿರುವ ಸಂದೇಶ ಒಳ್ಳೆಯ ಸೂಚನೆ, ಏಕೆಂದರೆ ಜೋಡಣೆ ಸರಿಯಾಗಿದೆ, ಉಳಿದಿರುವುದು ಅನುಮತಿ ಮಾತ್ರ ಎಂದು ಅದು ಹೇಳುತ್ತದೆ. ಮಗುವಿನ ಖಾತೆಗೆ ಬಹುಆಟಗಾರರ ಆಟ ಮೊದಲಿನಿಂದಲೇ ಮುಚ್ಚಿರುತ್ತದೆ. ಅದನ್ನು ಮಗು ತಾನೇ ತೆರೆಯಲಾಗದು. ಕುಟುಂಬದ ಗುಂಪನ್ನು ನಡೆಸುವ ವಯಸ್ಕರ ಖಾತೆಯಿಂದ account.xbox.com/settings ಪುಟಕ್ಕೆ ಹೋಗಿ, ಖಾಸಗಿತನ ಮತ್ತು ಆನ್‌ಲೈನ್ ಸುರಕ್ಷೆಯ ವಿಭಾಗವನ್ನು ತೆರೆದು, ಅಲ್ಲಿ ಮಗಳ ಹೆಸರನ್ನು ಆರಿಸಿಕೊಳ್ಳಿ. ಹೆಸರನ್ನು ಆರಿಸದೆ ಬದಲಾಯಿಸಿದರೆ ಬದಲಾಗುವುದು ನಿಮ್ಮದೇ ಅನುಮತಿ. ಈ ಪುಟದಲ್ಲಿ ಬಹಳ ಜನ ಎಡವುವುದು ಇಲ್ಲೇ.

ಮೂರು ಸಾಲುಗಳನ್ನು ನೋಡಬೇಕು. ಮೊದಲನೆಯದು You can join multiplayer games, ಇದನ್ನು ಅನುಮತಿಸಿ. ಎರಡನೆಯದು ಎಕ್ಸ್‌ಬಾಕ್ಸ್ ಜಾಲದ ಹೊರಗಿನವರೊಡನೆ ಆಡಬಹುದೇ ಎಂಬ ಸಾಲು. ಬೇರೆ ಕಂಪನಿಯ ಯಂತ್ರ ನಡುವೆ ಬರುವುದರಿಂದ ಇದನ್ನೂ ಅನುಮತಿಸಿ. ಮೂರನೆಯದು Others can communicate with voice, text, or invites. ಇದರ ಹೆಸರು ಉದ್ದವಾಗಿರುವುದರಿಂದ ಕೊನೆಯ ಪದವನ್ನು ಯಾರೂ ಗಮನಿಸುವುದಿಲ್ಲ, ಆದರೆ ಆಹ್ವಾನಗಳ ಬೀಗ ಇರುವುದು ಆ ಪದದಲ್ಲೇ. ಮಾತು ಮತ್ತು ಬರಹವನ್ನು ತಡೆಯಬೇಕೆಂದು ಪೋಷಕರು ಇದನ್ನು ಪೂರ್ತಿ ಮುಚ್ಚಿದರೆ ಆಹ್ವಾನವೂ ಸದ್ದಿಲ್ಲದೆ ನಿಂತುಹೋಗುತ್ತದೆ; ಕಳುಹಿಸಿದವನಿಗೆ ದೋಷದ ಸಂದೇಶವೂ ಬರುವುದಿಲ್ಲ. ನಿಮಗೆ ಹೊಂದುವ ಆಯ್ಕೆ ಸ್ನೇಹಿತರಿಗೆ ಮಾತ್ರ ಎಂಬುದು. ಎಲ್ಲರಿಗೂ ಎಂಬುದನ್ನು ಆರಿಸುವ ಅಗತ್ಯವೇ ಇಲ್ಲ.

ಬದಲಾವಣೆಗಳನ್ನು ಉಳಿಸಿದ ಮೇಲೆ ಸ್ವಿಚ್‌ನಲ್ಲಿ ಆಟವನ್ನು ಪೂರ್ತಿ ಮುಚ್ಚಿ, ಸೈನ್ ಔಟ್ ಮಾಡಿ, ಮತ್ತೆ ಸೈನ್ ಇನ್ ಮಾಡಿ. ಅನುಮತಿಗಳನ್ನು ಆಟವು ಲಾಗಿನ್ ಸಮಯದಲ್ಲಿ ಪಡೆದುಕೊಳ್ಳುತ್ತದೆ. ತೆರೆದಿರುವ ಆಟಕ್ಕೆ ಹೊಸದು ಕೂಡಲೇ ತಿಳಿಯುವುದಿಲ್ಲ. ಸರಿಯಾದ ಬದಲಾವಣೆಯನ್ನೇ ಮಾಡಿ, ಫಲ ಕಾಣದೆ, ಮತ್ತೆ ಹಿಂದಕ್ಕೆ ತಿರುಗಿಸಿಬಿಟ್ಟವರನ್ನು ನಾನು ನೋಡಿದ್ದೇನೆ.

ತಂತಿಜಾಲ

ನಿಂಟೆಂಡೊ ಕಡೆಯ ಪೋಷಕರ ನಿಯಂತ್ರಣವನ್ನೂ ಮರೆಯಬಾರದು. ಸ್ವಿಚ್‌ನಲ್ಲಿ ಇತರರೊಡನೆ ಸಂವಹನವನ್ನು ತಡೆಯುವ ಪ್ರತ್ಯೇಕ ಆಯ್ಕೆ ಇದೆ, ಅದನ್ನು ಆಟವೊಂದಕ್ಕೆ ಮಾತ್ರ ಸಡಿಲಿಸಲೂ ಬರುತ್ತದೆ. ಮೈಕ್ರೋಸಾಫ್ಟ್ ಪುಟದಲ್ಲಿ ಎಲ್ಲವನ್ನೂ ತೆರೆದರೂ ಇಲ್ಲಿ ಮುಚ್ಚಿದ್ದರೆ ಪ್ರಯೋಜನವಾಗದು.

ಖಾತೆಪಾಲಕ

ಸರಿಯಾದ ಮಾತು. ಎರಡು ಕಂಪನಿಗಳ ನಿಯಮಗಳಲ್ಲಿ ಹೆಚ್ಚು ಬಿಗಿಯಾದದ್ದೇ ಗೆಲ್ಲುತ್ತದೆ ಎಂದು ಇಟ್ಟುಕೊಂಡರೆ ಹುಡುಕುವುದು ಸುಲಭ.

ಕಮಲಾಕ್ಷಿ ಟೀಚರ್

ನಾನು ಆಟಗಳನ್ನು ಅರಿತವಳಲ್ಲ, ಮೊಮ್ಮಕ್ಕಳಿಗಾಗಿ ಇದನ್ನೆಲ್ಲ ಓದುತ್ತಿದ್ದೇನೆ. ಒಂದು ಸಂಶಯ. ಸ್ನೇಹಿತರಿಗೆ ಮಾತ್ರ ಎಂದು ಇಟ್ಟರೂ ಮಗು ಯಾರನ್ನು ಬೇಕಾದರೂ ಸ್ನೇಹಿತರನ್ನಾಗಿ ಮಾಡಿಕೊಂಡರೆ ಆ ಬೀಗಕ್ಕೆ ಅರ್ಥವೇನು ಉಳಿಯಿತು? ಸಾರ್ವಜನಿಕ ಸರ್ವರ್‌ಗಳಲ್ಲಿ ಸಿಕ್ಕವರೆಲ್ಲ ವಿನಂತಿ ಕಳುಹಿಸಬಹುದಲ್ಲವೇ?

ಖಾತೆಪಾಲಕ

ಬಹಳ ಮುಖ್ಯವಾದ ಪ್ರಶ್ನೆ, ಅಮ್ಮ. ಹೊಸ ಸ್ನೇಹಿತರನ್ನು ಸೇರಿಸಿಕೊಳ್ಳುವುದಕ್ಕೂ ಮಗುವಿನ ಖಾತೆಯಲ್ಲಿ ಬೇರೆಯೇ ಅನುಮತಿ ಇದೆ, ಅದು ಪೋಷಕರ ಕೈಯಲ್ಲಿದೆ. ವಿಭಾ ಅವರು ಅಣ್ಣನ ಮಗನನ್ನು ಈಗಾಗಲೇ ಸೇರಿಸಿರುವುದರಿಂದ ಆ ಬಾಗಿಲನ್ನು ಮುಚ್ಚಿಯೇ ಇಡಬಹುದು. ಇರುವ ಸ್ನೇಹಕ್ಕೆ ಅದರಿಂದ ತೊಂದರೆಯಿಲ್ಲ.

ಆದರೆ ಬಹುಆಟಗಾರರ ಅನುಮತಿ ಒಂದೇ ಕೀಲಿಯಂತಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಸೋದರನ ಲೋಕಕ್ಕೆಂದು ತೆರೆದರೆ ಸಾರ್ವಜನಿಕ ಸರ್ವರ್‌ಗಳೂ ಮತ್ತೆ ತೆರೆಯುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಕೊಡುವ ಸೂಕ್ಷ್ಮವಾದ ಆಯ್ಕೆ ಆ ಸಾಲಿನಲ್ಲಿಲ್ಲ. ಇದು ನನಗೆ ತೃಪ್ತಿ ಕೊಡದ ಸಂಗತಿ.

ವಿಭಾ

ಈ ದಿನದ ಸ್ಥಿತಿ ಹೀಗಿದೆ. ಮೂರೂ ಸಾಲುಗಳನ್ನು ಬದಲಾಯಿಸಿ, ಮತ್ತೆ ಲಾಗಿನ್ ಮಾಡಿದ ಮೇಲೆ ಆ ಸಂದೇಶ ಹೋಯಿತು. ಮಗಳು ತನ್ನ ಲೋಕವನ್ನು ತೆರೆದು ಅಣ್ಣನ ಮಗನಿಗೆ ಆಹ್ವಾನ ಕಳುಹಿಸಿದಳು. ಅದು ಅವನಿಗೆ ತಲುಪಿತು, ಆದರೆ ಒತ್ತಿದಾಗ ಸೇರಲು ಆಗುತ್ತಿಲ್ಲ. ತಿರುಗಿಸಿ ಅವನು ಕಳುಹಿಸಿದರೆ ಅವಳಿಗೆ ಆಹ್ವಾನ ಬರುತ್ತದೆ, ಅವಳಿಗೂ ಸೇರಲು ಆಗುವುದಿಲ್ಲ. ಇದು ಈಗ ತಂತಿಜಾಲ ಅವರು ಹೇಳಿದ ರೂಟರಿನ ಹಂತವೇ?

ತಂತಿಜಾಲ

ಹೌದು, ಈಗ ಖಂಡಿತ NAT. ಎರಡೂ ದಿಕ್ಕಿನಲ್ಲಿ ಸೋಲುತ್ತಿದೆಯಲ್ಲ.

ಖಾತೆಪಾಲಕ

ಆಗಿರಬಹುದು, ಆದರೆ ಅದಕ್ಕೆ ಮೊದಲು ಅಗ್ಗದ ಪರೀಕ್ಷೆಯೊಂದಿದೆ. ಅಣ್ಣನ ಮಗನಿಗೆ 13 ವರ್ಷ ಎಂದಿದ್ದೀರಿ. ಅವನ ಖಾತೆಯೂ ಕುಟುಂಬದ ಗುಂಪಿನಲ್ಲಿದ್ದರೆ ಅವನ ಕಡೆಯೂ ಇದೇ ಮೂರು ಸಾಲುಗಳಿರುತ್ತವೆ, ಅವನ್ನು ಬದಲಾಯಿಸಬಲ್ಲವರು ನಿಮ್ಮ ಅಣ್ಣ ಅಥವಾ ಅತ್ತಿಗೆ ಮಾತ್ರ. ಅವನು ತರಗತಿಯ ಗೆಳೆಯರೊಡನೆ ಆಡುತ್ತಾನೆ ಎಂಬುದನ್ನು ನೀವು ಮೊದಲೇ ಬರೆದಿದ್ದಿರಿ. ಆ ಗೆಳೆಯರೆಲ್ಲ ಯಾವ ಯಂತ್ರದಲ್ಲಿ ಆಡುತ್ತಾರೆ? ಅವರೆಲ್ಲರದೂ ವಿಂಡೋಸ್ ಅಥವಾ ಎಕ್ಸ್‌ಬಾಕ್ಸ್ ಆಗಿದ್ದರೆ, ಜಾಲದ ಹೊರಗಿನವರೊಡನೆ ಆಡುವ ಸಾಲು ಮುಚ್ಚಿದ್ದರೂ ಅವನಿಗೆ ಇದುವರೆಗೆ ತಿಳಿಯುವ ಸಂದರ್ಭವೇ ಬಂದಿರುವುದಿಲ್ಲ. ಅವನು ಸೇರಿಸಿಕೊಳ್ಳುತ್ತಿರುವ ಮೊದಲ ಹೊರಗಿನ ಯಂತ್ರ ನಿಮ್ಮ ಮಗಳ ಸ್ವಿಚ್ ಆಗಿರಬಹುದು.

ಅನುಮತಿಯೋ ರೂಟರೋ ಎಂದು ಬೇರ್ಪಡಿಸಲು ಒಂದು ದಾರಿ: ಅದೇ ಕಂಪ್ಯೂಟರಿನಲ್ಲಿ, ಅದೇ ಮನೆಯ ಜಾಲದಲ್ಲಿ, ಆಟವನ್ನು ನಿಮ್ಮ ಅಣ್ಣನವರ ವಯಸ್ಕ ಖಾತೆಯಿಂದ ತೆರೆದು, ಆ ಖಾತೆಯನ್ನು ಮಗಳ ಸ್ನೇಹಿತರ ಪಟ್ಟಿಗೆ ಸೇರಿಸಿ ಪ್ರಯತ್ನಿಸಲಿ. ಜಾಲ ಅದೇ, ಯಂತ್ರ ಅದೇ, ಬದಲಾದದ್ದು ಖಾತೆ ಮಾತ್ರ. ಸೇರಲು ಸಾಧ್ಯವಾದರೆ ರೂಟರನ್ನು ಮುಟ್ಟಬೇಕಾಗಿಲ್ಲ. ಸಾಧ್ಯವಾಗದಿದ್ದರೆ ತಂತಿಜಾಲ ಅವರ ದಾರಿ ಹಿಡಿಯಿರಿ. ಎರಡೂ ಕಡೆ ಆಟದ ಆವೃತ್ತಿ ಸಂಖ್ಯೆ ಒಂದೇ ಇದೆಯೇ ಎಂದೂ ಒಮ್ಮೆ ನೋಡಿ.

ಇಟ್ಟಿಗೆಗೂಡು

ಲೋಕದ ಸೆಟ್ಟಿಂಗ್ಸ್‌ನಲ್ಲಿ ಬಹುಆಟಗಾರರ ವಿಭಾಗವನ್ನೂ ನೋಡಿ. ಅಲ್ಲಿ Invite Only, Friends Only, Friends of Friends ಎಂಬ ಮೂರು ಆಯ್ಕೆಗಳಿವೆ. ಪಟ್ಟಿಯಿಂದ ನೇರವಾಗಿ ಸೇರಬೇಕಾದರೆ Friends Only ಅಥವಾ Friends of Friends ಇರಬೇಕು. ಹಳೆಯ ಲೋಕಗಳಲ್ಲಿ ಮಕ್ಕಳು ಬಹುಆಟಗಾರರ ಆಟವನ್ನೇ ಪೂರ್ತಿ ಮುಚ್ಚಿರುವುದೂ ಉಂಟು.

ವಿಭಾ

ಅಣ್ಣನಿಗೆ ಫೋನ್ ಮಾಡಿ ಅವನ ಖಾತೆಯಿಂದ ಪ್ರಯತ್ನಿಸಲು ಹೇಳಿದೆ. ಮೊದಲ ಬಾರಿಗೇ ಮಗಳ ಲೋಕಕ್ಕೆ ಸೇರಿಕೊಂಡನು. ಹುಡುಗನ ಗೆಳೆಯರೆಲ್ಲರದೂ ವಿಂಡೋಸ್ ಅಂತೆ. ಅಣ್ಣ ಆ ಪುಟಕ್ಕೆ ಹೋಗಿ ಮಗನ ಹೆಸರು ಆರಿಸಿ ನೋಡಿದಾಗ ಜಾಲದ ಹೊರಗಿನವರೊಡನೆ ಆಡುವ ಸಾಲು ಮುಚ್ಚಿಯೇ ಇತ್ತು. ಅದನ್ನು ತೆರೆದು, ಹುಡುಗ ಮತ್ತೆ ಲಾಗಿನ್ ಆದ ಮೇಲೆ ಇಬ್ಬರೂ ಒಂದೇ ಲೋಕದಲ್ಲಿದ್ದಾರೆ, ಆಹ್ವಾನವೂ ಎರಡೂ ಕಡೆಯಿಂದ ಹೋಗುತ್ತಿದೆ. ಹೊಸ ಸ್ನೇಹಿತರನ್ನು ಸೇರಿಸುವ ಅನುಮತಿಯನ್ನು ಮಗಳ ಖಾತೆಯಲ್ಲಿ ಮುಚ್ಚಿದ್ದೇನೆ. ಸಾರ್ವಜನಿಕ ಸರ್ವರ್‌ಗಳ ವಿಷಯದಲ್ಲಿ ಅವಳೊಡನೆ ಕುಳಿತು ಮಾತನಾಡಿ ನಿರ್ಧರಿಸಬೇಕು. ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು.

ನೀಲಿಬಾಣ

ನನ್ನ ಪ್ರಶ್ನೆ ಹಾಗೆಯೇ ಉಳಿದಿದೆ. ಕೊಂಡ ವಿನ್ಯಾಸಗಳನ್ನು ಬಿಟ್ಟು ತಮ್ಮನನ್ನು ಅವನ ಸ್ವಂತ ಖಾತೆಗೆ ಸಾಗಿಸಲೇ, ಅಥವಾ ನನ್ನ ಖಾತೆಯಲ್ಲೇ ಬಿಡಲೇ?

ಖಾತೆಪಾಲಕ

ಸಾಗಿಸುವ ದಾರಿ ನನಗೆ ಕಂಡಿಲ್ಲ. ನನ್ನ ಅಭಿಪ್ರಾಯದಲ್ಲಿ ಅವನು ಚಿಕ್ಕವನಾಗಿದ್ದರೆ ಈಗಲೇ ಬದಲಾಯಿಸುವುದು ಒಳ್ಳೆಯದು, ಏಕೆಂದರೆ ತಡಮಾಡಿದಷ್ಟೂ ಬಿಟ್ಟುಹೋಗುವ ವಸ್ತುಗಳು ಹೆಚ್ಚುತ್ತವೆ, ಅವನ ಗೆಳೆಯರ ಆಹ್ವಾನಗಳೂ ನಿಮ್ಮ ಹೆಸರಿಗೇ ಬರುತ್ತಿರುತ್ತವೆ. ಆದರೆ ಪ್ಲೇಸ್ಟೇಷನ್‌ನಲ್ಲಿ ಜೋಡಣೆ ಬಿಡಿಸುವ ಮೊದಲು ಆಟವೇ ತೋರಿಸುವ ಎಚ್ಚರಿಕೆಯನ್ನು ಪೂರ್ತಿ ಓದಿ, ಆಮೇಲೆ ಮುಂದುವರಿಯಿರಿ.

ಇಟ್ಟಿಗೆಗೂಡು

ನಾನು ಒಪ್ಪುವುದಿಲ್ಲ. ದುಡ್ಡು ಕೊಟ್ಟು ಕೊಂಡದ್ದನ್ನು ಬಿಡುವುದು ಹುಡುಗನಿಗೆ ದೊಡ್ಡ ನಷ್ಟ. ನೀಲಿಬಾಣ ಅವರೇ ಆ ಖಾತೆಯನ್ನು ತಮ್ಮನಿಗೆ ಬಿಟ್ಟುಕೊಟ್ಟು ತಮಗೆ ಹೊಸದನ್ನು ತೆರೆದುಕೊಳ್ಳಬಹುದಲ್ಲ?

ನೀಲಿಬಾಣ

ಆ ಖಾತೆಯಲ್ಲೇ ನನ್ನ ಇಮೇಲ್ ಮತ್ತು ಕಾಲೇಜಿನ ಕಡತಗಳೆಲ್ಲ ಇವೆ, ಅದನ್ನು ಬಿಟ್ಟುಕೊಡಲಾರೆ. ತಮ್ಮನನ್ನು ಕೇಳಿ ನೋಡುತ್ತೇನೆ.